‘ಕನ್ನಡ ಮೀಡಿಯಂನೋರು ಕೈ ಎತ್ತಿ’ ಅಂದ ಮೇಲೆ ಹೋದ ಏಳು ಅಂಕ

ಪ್ರಶ್ನೆ: ನಮ್ಮದು ಆಲೂರು ತಾಲ್ಲೂಕಿನ ಹಳ್ಳಿ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 591 ತೆಗೆದಳು. ಈಗ ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಭಾನುವಾರ ಮನೆಗೆ ಬಂದಾಗ ಫಿಸಿಕ್ಸ್ ಲೆಕ್ಕ ಚೆನ್ನಾಗಿ ಮಾಡುತ್ತಾಳೆ, ಹಳೇ ಪೇಪರ್ ಕೊಟ್ಟರೆ 35ಕ್ಕೆ 28 ಬರುತ್ತೆ. ಕಾಲೇಜಿನ ಟೆಸ್ಟ್‌ನಲ್ಲಿ 17. ಆ ಲೆಕ್ಚರರ್ ಟೆಸ್ಟ್‌ಗೆ ಮುಂಚೆ ‘ಕನ್ನಡ ಮೀಡಿಯಂನೋರು ಕೈ ಎತ್ತಿ’ ಅಂತಾರಂತೆ. ‘ಬರೆಯುವಾಗ ಅದೇ ಕಿವಿಯಲ್ಲಿ ಕೇಳ್ತಾ ಇರುತ್ತಮ್ಮ’ ಅಂತಾಳೆ. ಅವರ ಬಾಯಿ ಮುಚ್ಚಿಸೋ ಹಾಗೆ ಬರೆದು ತೋರಿಸು ಅಂತ ನಾನೂ ಹೇಳಿ ಕಳಿಸುತ್ತೇನೆ. ನಮ್ಮ ಯಜಮಾನರು ಅವಳ ತಲೆಗೆ ಇಂಗ್ಲಿಷ್ ಸೈನ್ಸ್ ಹತ್ತಲ್ಲ, ಸುಮ್ಮನೆ ಆರ್ಟ್ಸ್‌ಗೆ ಹಾಕೋಣ ಅಂತಾರೆ. ಕಾಲೇಜು ಬದಲಿಸಬೇಕಾ? ಹೀಗೊಂದು ಭಯ ನಿಜವಾಗಲೂ ಅಂಕ ಕಡಿಮೆ ಮಾಡುತ್ತಾ?

ಉತ್ತರ:

ಉತ್ತರ ಬರೆಯುವ ಮೊದಲು ನಿಮ್ಮಿಂದ ಎರಡು ಕೆಲಸ ಮಾಡಿಸಿದೆ. ಆ ಟೆಸ್ಟಿನ ಉತ್ತರ ಪತ್ರಿಕೆಯ ಫೋಟೋ ತರಿಸಿಕೊಂಡೆ. ಅದೇ ಪಾಠಗಳ ಮೇಲೆ, ಅದೇ ಮಾದರಿಯಲ್ಲಿ, ಅವಳು ನೋಡಿರದ ಎರಡು ಪ್ರಶ್ನೆಪತ್ರಿಕೆಗಳನ್ನು ನನ್ನ ಪರಿಚಯದ ಉಪನ್ಯಾಸಕರ ಕೈಲಿ ಬರೆಸಿ ಕಳಿಸಿ, ಎರಡು ಭಾನುವಾರ ಅವನ್ನು ಬರೆಸಲು ಹೇಳಿದೆ. ನೀವು ತಪ್ಪದೆ ಮಾಡಿದ್ದರಿಂದ ಈಗ ಬರಿಯ ಊಹೆಯ ಮೇಲೆ ಮಾತಾಡಬೇಕಾಗಿಲ್ಲ.

ಉತ್ತರ ಪತ್ರಿಕೆಯಿಂದಲೇ ಶುರು ಮಾಡುತ್ತೇನೆ. ಒಂದು ಅಂಕದ ಹತ್ತು ಪ್ರಶ್ನೆಗಳಲ್ಲಿ ಒಂಬತ್ತು ಸರಿ. ಎರಡು ಅಂಕದವುಗಳಲ್ಲಿ ಹತ್ತಕ್ಕೆ ಐದು. ಮೂರು ಅಂಕದ ಲೆಕ್ಕಗಳಲ್ಲಿ ಹದಿನೈದಕ್ಕೆ ಬರೀ ಮೂರು. ಪಾಠವೇ ತಲೆಗೆ ಹತ್ತದ ಮಗುವಿನ ಪತ್ರಿಕೆಯಲ್ಲಿ ಒಂದು ಅಂಕದ ಪ್ರಶ್ನೆಗಳೂ ಹೋಗಿರುತ್ತವೆ. ಇಲ್ಲಿ ನೇರ ನೆನಪಿನಿಂದ ಬರುವುದೆಲ್ಲ ಬಂದಿದೆ, ನಾಲ್ಕು ಹೆಜ್ಜೆಯನ್ನು ಒಟ್ಟಿಗೆ ತಲೆಯಲ್ಲಿ ಹಿಡಿದುಕೊಂಡು ಮಾಡಬೇಕಾದ್ದು ಮಾತ್ರ ಬಿದ್ದಿದೆ.

ಅದರಲ್ಲೂ ಕೆಪಾಸಿಟರ್ ಲೆಕ್ಕ ನೋಡಿ. 6 ಮತ್ತು 3 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿವೆ, ಆ ಜೋಡಿಗೆ 4 ಮೈಕ್ರೋಫ್ಯಾರಡ್‌ನ ಇನ್ನೊಂದು ಪ್ಯಾರಲಲ್, ಮೇಲೆ 12 ವೋಲ್ಟ್. ಒಟ್ಟು ಚಾರ್ಜ್ ಎಷ್ಟು? ಪಕ್ಕದ ರಫ್ ಜಾಗದಲ್ಲಿ ಅವಳು ಮೊದಲು ಸೀರೀಸ್ ಜೋಡಿಗೆ 2 ಅಂತ ಬರೆದಿದ್ದಾಳೆ. ಅದಕ್ಕೆ 4 ಕೂಡಿಸಿ 6. ಹನ್ನೆರಡರಿಂದ ಗುಣಿಸಿ 72 ಮೈಕ್ರೋಕೂಲಂಬ್. ಸರಿಯಾದ ಉತ್ತರ! ಆಮೇಲೆ ಅದರ ಮೇಲೆ ಅಡ್ಡ ಗೆರೆ ಎಳೆದು, ಸೀರೀಸ್‌ನಲ್ಲಿರುವುದನ್ನು ನೇರ ಕೂಡಿಸಿ 9 ಮಾಡಿ, ಪ್ಯಾರಲಲ್‌ಗೆ ವಿಲೋಮದ ಸೂತ್ರ ಹಾಕಿ 2.77 ಮಾಡಿ, ಕೊನೆಗೆ 33.2 ಅಂತ ಬರೆದು ಬಂದಿದ್ದಾಳೆ. ಇದು ರೆಸಿಸ್ಟರ್‌ನ ನಿಯಮ. ಹೈಸ್ಕೂಲಿನಿಂದ ರೂಢಿಯಾದ ಹಳೇ ಜಾಡು. ಹೊಸದಾಗಿ ಕಲಿತದ್ದನ್ನು ಸರಿಯಾಗಿ ಬಳಸಿದ ಮೇಲೆ, ತನ್ನ ಮೇಲೇ ನಂಬಿಕೆ ಹೋಗಿ ಹಳೇ ಜಾಡಿಗೆ ಇಳಿದಿದ್ದಾಳೆ. ಇಂಥ ಅಡ್ಡ ಗೆರೆ ಆ ಪತ್ರಿಕೆಯಲ್ಲಿ ಒಟ್ಟು ನಾಲ್ಕು ಕಡೆ ಇದೆ, ಮೂರರ ಕೆಳಗೆ ಇರುವುದು ಸರಿಯಾದ ಕೆಲಸವೇ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಸ್ಟೀರಿಯೋಟೈಪ್ ಥ್ರೆಟ್ ಅನ್ನುತ್ತಾರೆ. ನಾನು ಮಕ್ಕಳ ಹತ್ತಿರ ಮಾತಾಡುವಾಗ ‘ಹಣೆಪಟ್ಟಿಯ ಅಂಜಿಕೆ’ ಅನ್ನುತ್ತೇನೆ. ನಮ್ಮ ಗುಂಪಿಗೆ ಇಂಥದ್ದು ಬರಲ್ಲ ಅನ್ನುವ ಮಾತು ಊರಲ್ಲಿ ಇದೆ, ಈಗ ನಾನು ತಪ್ಪಿದರೆ ‘ನೋಡಿದ್ರಾ’ ಅನ್ನುತ್ತಾರೆ ಎಂಬ ಅಂಜಿಕೆ ಅದು. 1995ರಲ್ಲಿ ಅಮೆರಿಕದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಅರೊನ್ಸನ್ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಪ್ರಯೋಗಗಳಿಂದ ಈ ಹೆಸರು ಬಳಕೆಗೆ ಬಂತು. ಕಪ್ಪು ಮತ್ತು ಬಿಳಿ ವಿದ್ಯಾರ್ಥಿಗಳಿಗೆ ಒಂದೇ ಕಷ್ಟದ ಇಂಗ್ಲಿಷ್ ಪತ್ರಿಕೆ. ಕೆಲವರಿಗೆ ‘ಇದು ನಿಮ್ಮ ಬುದ್ಧಿಶಕ್ತಿಯ ಅಳತೆ’ ಅಂದರು, ಇನ್ನು ಕೆಲವರಿಗೆ ‘ಜನ ಪ್ರಶ್ನೆ ಬಿಡಿಸುವ ರೀತಿ ನೋಡುತ್ತಿದ್ದೇವೆ, ಅಳತೆ ಏನಿಲ್ಲ’ ಅಂದರು. ಅಳತೆ ಅಂದಾಗ ಕಪ್ಪು ವಿದ್ಯಾರ್ಥಿಗಳ ಅಂಕ ಇಳಿಯಿತು. ಆ ಮಾತು ತೆಗೆದಾಗ, ಅವರ ಹಿಂದಿನ ಅಂಕಗಳಿಂದ ನಿರೀಕ್ಷಿಸಬಹುದಾದಷ್ಟು ಬಂತು. ಹೆದರಿಕೆ ತೆಗೆದರೆ ಎಲ್ಲ ಅಂತರವೂ ಮಾಯ ಅಂತ ಇದನ್ನು ಎಷ್ಟೋ ಕಡೆ ತಪ್ಪಾಗಿ ಬರೆಯುತ್ತಾರೆ. ಹಿಂದಿನ ಅಂಕಗಳ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿ ಬಂದ ಫಲಿತಾಂಶ ಅದು. ಕಲಿಕೆಯಲ್ಲೇ ಕೊರತೆ ಇದ್ದರೆ ಅಂಜಿಕೆ ಹೋದರೂ ಕೊರತೆ ಉಳಿಯುತ್ತದೆ.

ನಿಮ್ಮ ಮಗಳು ಆ ಮಾತನ್ನು ನಂಬಿರಬೇಕು ಅಂತೇನೂ ಇಲ್ಲ. ‘ಕನ್ನಡ ಮೀಡಿಯಂನೋರಿಗೆ ಫಿಸಿಕ್ಸ್ ಬರಲ್ಲ ಅಂತ ನೀನೇ ಅಂದುಕೊಂಡಿದ್ದೀಯಾ?’ ಅಂತ ಫೋನಿನಲ್ಲಿ ಕೇಳಿದ್ದಕ್ಕೆ ‘ಇಲ್ಲ ಮೇಡಂ, ಸುಳ್ಳು ಅದು’ ಅಂದಳು, ಸ್ವಲ್ಪ ಸಿಟ್ಟಿನಲ್ಲೇ. ಆ ವಿಷಯದಲ್ಲಿ ಚೆನ್ನಾಗಿ ಮಾಡಬೇಕು ಅನ್ನುವ ಆಸೆ ಗಟ್ಟಿಯಾಗಿರುವವರಿಗೇ ಇದು ಹೆಚ್ಚು ತಾಗುತ್ತದೆ. ಅಂಕದ ಚಿಂತೆಯೇ ಇಲ್ಲದವನಿಗೆ ಯಾರು ಏನಂದರೇನು? ಹಾಗೆಯೇ ಸುಲಭದ ಪ್ರಶ್ನೆಯಲ್ಲಿ ಇದು ಕಾಣುವುದು ಕಡಿಮೆ, ಶಕ್ತಿಯ ಅಂಚಿನವರೆಗೆ ಎಳೆಯುವ ಪ್ರಶ್ನೆಯಲ್ಲಿ ಕಾಣುತ್ತದೆ. ಒಂಬತ್ತು ಸರಿ, ಲೆಕ್ಕಗಳಲ್ಲಿ ಮೂರು ಅಂಕ ಅನ್ನುವುದು ಅದಕ್ಕೆ ಹೊಂದುತ್ತದೆ.

ಒಳಗೆ ಆಗುವುದು ಇಷ್ಟು. ಲೆಕ್ಕ ಮಾಡುವಾಗ ಮಧ್ಯದ ಉತ್ತರಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ಜಾಗ ಒಂದಿದೆ, ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಅದು ಸಂತೆಗೆ ಒಯ್ಯುವ ಕೈಚೀಲದಷ್ಟೇ ಸಣ್ಣದು. ಸರ್ ಹೇಳಿದ ಮಾತು, ಅದನ್ನು ಯೋಚಿಸಬಾರದು ಅನ್ನುವ ಪ್ರಯತ್ನ, ನಾನು ತಪ್ಪು ಮಾಡುತ್ತಿದ್ದೀನಾ ಅನ್ನುವ ಕಾವಲು, ಈ ಮೂರೂ ಅದೇ ಚೀಲದಲ್ಲಿ ಕೂತರೆ 2, 6, 72 ಇಡಲು ಜಾಗ ಸಾಲುವುದಿಲ್ಲ. ಈ ಕಾವಲೇ ಹೆಚ್ಚು ಕೆಡುಕು. ಸೈಕಲ್ ತುಳಿಯುವವನು ತನ್ನ ಕಾಲನ್ನೇ ನೋಡಿಕೊಳ್ಳತೊಡಗಿದ ಹಾಗೆ. ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2007ರಲ್ಲಿ ಹೆಣ್ಣುಮಕ್ಕಳು ಮತ್ತು ಗಣಿತದ ಬಗ್ಗೆ ಮಾಡಿದ ಪ್ರಯೋಗದಲ್ಲಿ ಇದರ ಇನ್ನೊಂದು ಮುಖ ಕಂಡಿತು: ಮತ್ತೆ ಮತ್ತೆ ಮಾಡಿ ಬಾಯಿಪಾಠದಷ್ಟು ಪಳಗಿದ ಲೆಕ್ಕಗಳಿಗೆ ಹಣೆಪಟ್ಟಿಯ ಮಾತು ತಾಗಲಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ಭಾನುವಾರದ ಪತ್ರಿಕೆಗಳು. ನೀವು ಹೇಳಿದ 28 ಮತ್ತು 17ರ ನಡುವಿನ ಹನ್ನೊಂದು ಅಂಕವನ್ನೂ ಭಯದ ಖಾತೆಗೆ ಹಾಕಿದ್ದರೆ ತಪ್ಪಾಗುತ್ತಿತ್ತು. ಮನೆಯ 28 ಬಂದದ್ದು ಹಳೇ ಪೇಪರಿನಲ್ಲಿ, ಕೆಲವು ಲೆಕ್ಕ ಮೊದಲೇ ಮಾಡಿದವು, ಗಡಿಯಾರವೂ ಇರಲಿಲ್ಲ. ಮೊದಲ ಭಾನುವಾರ ಹೊಸ ಪತ್ರಿಕೆಯನ್ನು ಗಡಿಯಾರ ಇಟ್ಟು ಬರೆದಾಗ 24 ಬಂತು. ನಾಲ್ಕು ಅಂಕ ಅಲ್ಲೇ ಕರಗಿತು. ಎರಡನೇ ಭಾನುವಾರದ ಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಕೆಳಗೆ ಕನ್ನಡದಲ್ಲೂ ಬರೆಸಿದ್ದೆ, ಅಷ್ಟೇ ಸಮಯ. 25 ಬಂತು. ಅಂದರೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಭಾರ ಈಗ ಅವಳಿಗೆ ದೊಡ್ಡದಾಗಿ ಉಳಿದಿಲ್ಲ. ಫಸ್ಟ್ ಪಿಯುಸಿಯಲ್ಲಿ ಇದೇ ಪರೀಕ್ಷೆ ಮಾಡಿದ್ದರೆ ಬೇರೆ ಕಥೆ ಇರುತ್ತಿತ್ತೇನೋ. ಹಾಗಾದರೆ 24 ಮತ್ತು 17ರ ನಡುವೆ ಉಳಿದದ್ದು ಏಳು.

ಒಂದೆರಡು ಪತ್ರಿಕೆಯ ಅಂಕ ತಾನಾಗಿಯೇ ಎರಡು ಮೂರು ಹೆಚ್ಚು ಕಡಿಮೆ ಆಗುತ್ತದೆ. ಆದ್ದರಿಂದ ಏಳನ್ನು ಕಲ್ಲಲ್ಲಿ ಕೆತ್ತಿದ ಅಂಕಿ ಅಂದುಕೊಳ್ಳಬೇಡಿ. ಆ ಏಳೂ ಬರೀ ಪರೀಕ್ಷಾ ಭಯ ಇರಬಹುದಲ್ಲ ಅನ್ನುವ ಸಂಶಯ ನನಗೂ ಇತ್ತು. ಕೆಮಿಸ್ಟ್ರಿ ಅಂಕ ಕೇಳಿದ್ದು ಅದಕ್ಕೇ. ಅದೇ ಹಾಲ್, ಅದೇ ವಾರ, ಅದೇ ಇಂಗ್ಲಿಷ್, 35ಕ್ಕೆ 27. ಮೂರು ಅಂಕದ ಲೆಕ್ಕಗಳೂ ಬಂದಿವೆ. ಆ ತರಗತಿಯಲ್ಲಿ ಯಾರೂ ಯಾರ ಕೈಯನ್ನೂ ಎತ್ತಿಸುವುದಿಲ್ಲ. ಪರೀಕ್ಷೆ ಅಂದರೇ ನಡುಗುವ ಮಗು ಕೆಮಿಸ್ಟ್ರಿಯಲ್ಲೂ ನಡುಗುತ್ತಿತ್ತು. ಫಿಸಿಕ್ಸ್‌ನಲ್ಲಿ ಮಾತ್ರ, ಕಾಲೇಜಿನಲ್ಲಿ ಮಾತ್ರ, ಕಷ್ಟದ ಪ್ರಶ್ನೆಯಲ್ಲಿ ಮಾತ್ರ, ಸರಿಯಾದದ್ದನ್ನು ಹೊಡೆದುಹಾಕುತ್ತಾಳೆ ಅಂದರೆ ಹಣೆಪಟ್ಟಿಯ ಅಂಜಿಕೆ ಅನ್ನಲು ನನಗೆ ಸಾಕಷ್ಟು ಆಧಾರ ಸಿಕ್ಕಿದ ಹಾಗೆ.

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳುತ್ತೀರಿ ಅಂತ ಗೊತ್ತು, ಅವರಿಗಾಗಿ ಇನ್ನೊಂದು ಮಾತು. ಇದು ಅಮೆರಿಕದವರ ಕಾಯಿಲೆ ಅಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಟ್ಟರು, ಬಿಡಿಸಿದ ಲೆಕ್ಕದ ಮೇಲೆ ದುಡ್ಡು. ಜಾತಿ ಹೇಳದಿದ್ದಾಗ ಮೇಲ್ಜಾತಿಯ ಮತ್ತು ದಲಿತ ಹುಡುಗರು ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಎಲ್ಲರ ಎದುರು ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ್ದು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಯಿತು. ಎರಡೂ ಗುಂಪಿನಲ್ಲಿದ್ದದ್ದು ಅಂಥದ್ದೇ ಹುಡುಗರು, ಅಂಥದ್ದೇ ತಲೆ. ಸಂಶೋಧಕರು ಅಲ್ಲಿ ಅಂಜಿಕೆಯ ಜೊತೆಗೆ ‘ಹೇಗೂ ನಮಗೆ ನ್ಯಾಯವಾಗಿ ಸಿಗಲ್ಲ’ ಅನ್ನುವ ಅಪನಂಬಿಕೆಯನ್ನೂ ಕಂಡರು. ಮಗಳನ್ನು ಮೆಲ್ಲಗೆ ಕೇಳಿ ನೋಡಿ, ‘ಸರ್ ನನಗೆ ಕಡಿಮೆಯೇ ಹಾಕ್ತಾರೆ’ ಅನ್ನುವ ಭಾವನೆ ಇದೆಯಾ ಅಂತ. ಇದ್ದರೆ ಅದಕ್ಕೆ ಮದ್ದು ಬೇರೆ: ತಿದ್ದಿದ ಪತ್ರಿಕೆಯನ್ನು ಇನ್ನೊಬ್ಬ ಉಪನ್ಯಾಸಕರಿಗೆ ತೋರಿಸಿ, ಅಂಕ ನ್ಯಾಯವಾಗಿದೆಯೋ ಇಲ್ಲವೋ ಅವಳೇ ನೋಡಲಿ. ನನ್ನ ಪರಿಚಯದ ಉಪನ್ಯಾಸಕರಿಗೆ ನಾನು ತೋರಿಸಿದ ಮಟ್ಟಿಗೆ, ಆ ಸರ್ ತಿದ್ದಿದ್ದು ಸರಿಯಾಗಿಯೇ ಇದೆ.

ಹಾಗಂತ ಈ ವಿಷಯವನ್ನು ಮಂತ್ರದ ಹಾಗೆ ಬಳಸಬಾರದು. ಮೊದಲಿನ ಅಧ್ಯಯನಗಳು ಸಣ್ಣ ಗುಂಪುಗಳ ಮೇಲೆ ನಡೆದವು, ಫಲ ಕಂಡವು ಮಾತ್ರ ಹೆಚ್ಚು ಅಚ್ಚಾದವು. 2018ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಮೇಲೆ, ವಿಧಾನವನ್ನು ಮೊದಲೇ ಘೋಷಿಸಿ, ಹುಡುಗಿಯರು ಮತ್ತು ಗಣಿತದ ಬಗ್ಗೆ ಪರೀಕ್ಷಿಸಿದಾಗ ಪರಿಣಾಮ ಕಾಣಲಿಲ್ಲ. ನಿಜವಾದ ದೊಡ್ಡ ಪರೀಕ್ಷೆಗೆ ಹತ್ತಿರವಾದಷ್ಟೂ ಪರಿಣಾಮ ಸಣ್ಣದಾಗುತ್ತದೆ ಅಂತ 2019ರ ಒಂದು ಒಟ್ಟು ಪರಿಶೀಲನೆಯೂ ಹೇಳಿತು. ಅದಕ್ಕೇ ಯಾವ ಮಗು ಬಂದರೂ ನಾನು ಮೊದಲು ಪತ್ರಿಕೆ ಕೇಳುವುದು. ಕನ್ನಡ ಮಾಧ್ಯಮದಿಂದ ಬಂದು ಎಡವುವ ಮಕ್ಕಳಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಪದಗಳಲ್ಲಿ, ಅಥವಾ ಹತ್ತನೇ ತರಗತಿಯ ಬೀಜಗಣಿತದಲ್ಲಿ. ಅವರಿಗೆ ‘ನಿನಗೆ ಭಯ ಅಷ್ಟೇ’ ಅಂದರೆ ಬೇಕಾದ ಪಾಠ ಸಿಗದೆ ಹೋಗುತ್ತದೆ.

ಈಗ ಏನು ಮಾಡಬಹುದು.

ಮೊದಲನೆಯದು ನಿಮ್ಮಿಂದ, ಬೇಜಾರು ಮಾಡಿಕೊಳ್ಳಬೇಡಿ. ‘ಅವರ ಬಾಯಿ ಮುಚ್ಚಿಸು, ಬರೆದು ತೋರಿಸು’ ಅನ್ನುವುದನ್ನು ನಿಲ್ಲಿಸಿ. ನೀವು ಧೈರ್ಯ ತುಂಬಲು ಹೇಳುತ್ತೀರಿ. ಆದರೆ ಆ ಮಾತಿನಿಂದ ಅವಳು ಬರೆಯುವುದು ಕೆಪಾಸಿಟರ್ ಲೆಕ್ಕ ಮಾತ್ರ ಆಗಿ ಉಳಿಯುವುದಿಲ್ಲ, ಇಡೀ ಕನ್ನಡ ಶಾಲೆಯ ಮಾನವನ್ನೂ ಹೊತ್ತು ಬರೆಯಬೇಕಾಗುತ್ತದೆ. ಆಗ ಒಂದು ತಪ್ಪಿನ ಬೆಲೆ ಇನ್ನೂ ಏರುತ್ತದೆ, ಅಡ್ಡ ಗೆರೆಗಳು ಜಾಸ್ತಿಯಾಗುತ್ತವೆ. ಶನಿವಾರ ಬಸ್ಸಿಳಿದಾಗ ಅಂಕ ಕೇಳದೆ ಊಟ ಹಾಕಿ, ಅಷ್ಟು ಸಾಕು.

ಎರಡನೆಯದು ಆ ಉಪನ್ಯಾಸಕರು. ಇಂಥವರನ್ನು ಹತ್ತಾರು ಮಂದಿ ನೋಡಿದ್ದೇನೆ, ಹೆಚ್ಚಿನವರು ಆ ಮಕ್ಕಳಿಗೆ ನಿಧಾನ ಮಾಡಿ ಹೇಳೋಣ ಅಂತಲೇ ಕೈ ಎತ್ತಿಸುತ್ತಾರೆ. ಅದರ ಗಳಿಗೆ ಮಾತ್ರ ಕೆಟ್ಟದ್ದು. ನೀವೇ ಫೋನ್ ಮಾಡಿ, ಮಗಳ ಕೈಲಿ ಹೇಳಿಸಬೇಡಿ. ‘ಭೇದ ಮಾಡ್ತೀರಿ’ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ‘ಸರ್, ಸಹಾಯ ಬೇಕಾದವರು ಟೆಸ್ಟ್ ಮುಗಿದ ಮೇಲೆ ಬಂದು ನೋಡಿ ಅಂತ ಎಲ್ಲರಿಗೂ ಹೇಳ್ತೀರಾ? ಬರೆಯೋಕ್ಕೆ ಕೂತಾಗ ಮೀಡಿಯಂ ಮಾತು ಬಂದರೆ ಮಕ್ಕಳು ಅದನ್ನೇ ಯೋಚಿಸ್ತಾ ಕೂರ್ತಾರೆ’ ಅನ್ನಿ. ಅಪಾಯ ಇದೆ. ಕೆಲವರು ಮರುದಿನ ತರಗತಿಯಲ್ಲೇ ‘ಯಾರೋ ಮನೆಗೆ ದೂರು ಹೇಳಿದ್ದಾರೆ’ ಅಂತ ಶುರು ಮಾಡುತ್ತಾರೆ, ಪ್ರಾಕ್ಟಿಕಲ್ ಅಂಕದ ಚಿಂತೆ ಬೇರೆ ಹತ್ತುತ್ತದೆ. ಅವರ ಸ್ವಭಾವ ಹಾಗಿದ್ದರೆ ಪ್ರಾಂಶುಪಾಲರ ಹತ್ತಿರ ಮಗಳ ಹೆಸರು ಹೇಳದೆ, ಇನ್ನೆರಡು ಪೋಷಕರ ಜೊತೆ ಹೋಗಿ, ಎಲ್ಲ ತರಗತಿಗೂ ಅನ್ವಯಿಸುವ ಹಾಗೆ ಕೇಳಿ. ಮಗಳನ್ನು ಕೇಳದೆ ಎರಡರಲ್ಲಿ ಯಾವುದನ್ನೂ ಮಾಡಬೇಡಿ.

ಮೂರನೆಯದು ಅವಳ ಕೈಯಲ್ಲಿರುವುದು, ನನ್ನ ಹೆಚ್ಚಿನ ನಂಬಿಕೆ ಇದರ ಮೇಲೆ. ಜಾರುತ್ತಿರುವ ನಿಯಮಗಳು ಆ ಪತ್ರಿಕೆಯಲ್ಲಿ ಐದಾರು ಇವೆ, ಅಷ್ಟನ್ನೇ ದಿನಾ ಹತ್ತು ನಿಮಿಷ ಯೋಚನೆ ಬೇಡದ ಮಟ್ಟಕ್ಕೆ ಪಳಗಿಸಲಿ. ಬೈಲಾಕ್ ಅವರ ಪ್ರಯೋಗದಲ್ಲಿ ಪಳಗಿದ ಲೆಕ್ಕಗಳು ಉಳಿದುಕೊಂಡವಲ್ಲ, ಆ ಕಾರಣಕ್ಕೆ. ಟೆಸ್ಟ್‌ನಲ್ಲಿ ಮೊದಲ ಎರಡು ನಿಮಿಷ ಆ ನಿಯಮಗಳನ್ನು ರಫ್ ಜಾಗದಲ್ಲಿ ಬರೆದಿಟ್ಟುಕೊಳ್ಳಲಿ, ಚೀಲದ ಭಾರ ಕಾಗದಕ್ಕೆ ಇಳಿಯುತ್ತದೆ. ಹೊಡೆದುಹಾಕುವುದಕ್ಕೂ ಒಂದು ಕಟ್ಟಳೆ ಇರಲಿ: ಯಾಕೆ ತಪ್ಪು ಅಂತ ಒಂದು ಸಾಲಿನ ಕಾರಣ ಬರೆಯಲು ಆಗದಿದ್ದರೆ ಗೆರೆ ಎಳೆಯುವ ಹಾಗಿಲ್ಲ. ಕೆಪಾಸಿಟರ್‌ನಲ್ಲಿ ಆ ಪರೀಕ್ಷೆ ಸುಲಭ. ಸೀರೀಸ್ ಜೋಡಿಯ ಬೆಲೆ ಅದರಲ್ಲಿರುವ ಚಿಕ್ಕದಕ್ಕಿಂತಲೂ ಚಿಕ್ಕದಿರಬೇಕು. 6 ಮತ್ತು 3ಕ್ಕೆ 2 ಬಂದರೆ ಸರಿ, 9 ಬಂದರೆ ಅಲ್ಲೇ ನಿಲ್ಲಬೇಕು. ‘ಯಾಕೋ ಡೌಟು’ ಅನ್ನುವುದು ಕಾರಣ ಅಲ್ಲ ಅಂತ ಅವಳಿಗೂ ಹೇಳಿದ್ದೇನೆ. ನಕ್ಕಳು.

ಆಗುತ್ತಿರುವುದು ಏನು ಅಂತ ಅವಳಿಗೆ ವಿವರಿಸಿದ್ದೂ ಆಯಿತು. ಎದೆ ಹೊಡೆದುಕೊಂಡರೆ ‘ನನಗೆ ಬರಲ್ಲ’ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ, ಆ ಮಾತಿನ ಪರಿಣಾಮ ಅಂತ ಗುರುತಿಸಲಿ ಅಂತ. 2005ರ ಒಂದು ಪ್ರಯೋಗದಲ್ಲಿ ಹೀಗೆ ಮೊದಲೇ ತಿಳಿಸಿದ ಹುಡುಗಿಯರು ಗಣಿತದಲ್ಲಿ ಹಿಂದೆ ಬೀಳಲಿಲ್ಲ, ಆದರೆ ಆ ಒಂದು ಫಲಿತಾಂಶದ ಮೇಲೆ ನಾನು ಹೆಚ್ಚು ಭಾರ ಹಾಕುವುದಿಲ್ಲ. ಕೆಲವು ಮಕ್ಕಳು ಇದನ್ನೇ ನೆಪ ಮಾಡಿಕೊಂಡು ಓದು ಬಿಡುವುದನ್ನೂ ಕಂಡಿದ್ದೇನೆ. ನಿಮ್ಮ ಮಗಳು ಅಂಥವಳಲ್ಲ. ಟೆಸ್ಟ್‌ಗೆ ಮುಂಚೆ ಹತ್ತು ನಿಮಿಷ ಮನಸ್ಸಿನ ಆತಂಕವನ್ನೆಲ್ಲ ಕಾಗದದ ಮೇಲೆ ಬರೆದುಬಿಡುವ ಅಭ್ಯಾಸವೂ ಇದೆ. 2011ರಲ್ಲಿ ಅದರಿಂದ ಅಂಕ ಏರಿತು ಅಂತ ವರದಿಯಾಯಿತು, ಆಮೇಲೆ ಮಾಡಿ ನೋಡಿದವರಿಗೆ ಒಂದೇ ಸಮ ಫಲ ಸಿಕ್ಕಿಲ್ಲ. ಖರ್ಚಿಲ್ಲದ ಕೆಲಸ, ಇಷ್ಟವಾದರೆ ಮಾಡಲಿ.

ಕಾಲೇಜು ಬದಲಿಸುವುದು ಸೆಕೆಂಡ್ ಪಿಯುಸಿಯ ನಡುವೆ ಬೇಡ. ಹೊಸ ಹಾಸ್ಟೆಲ್, ಹೊಸ ನೋಟ್ಸ್, ಹೊಸ ಗೆಳತಿಯರು ಅಂತ ಏಳು ಅಂಕಕ್ಕಿಂತ ಹೆಚ್ಚೇ ಕಳೆಯುತ್ತದೆ, ಅಲ್ಲಿನವರು ಏನು ಕೇಳುತ್ತಾರೋ ಅದೂ ಗೊತ್ತಿಲ್ಲ. ಆರ್ಟ್ಸ್ ಅವಳಿಗೆ ಇಷ್ಟವಾಗಿದ್ದರೆ ಒಳ್ಳೆಯ ದಾರಿಯೇ, ಆದರೆ ಗಡಿಯಾರ ಇಟ್ಟು 24 ತೆಗೆಯುವ ಮಗುವನ್ನು ‘ತಲೆಗೆ ಹತ್ತಲ್ಲ’ ಅಂತ ಕಳಿಸಬೇಡಿ. ನೀಟ್ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ ಅಂತ ಯಾರೋ ನಿಮಗೆ ಹೇಳಿದ್ದಾರೆ, ನಿಜ. ಎರಡು ವರ್ಷ ಇಂಗ್ಲಿಷ್‌ನಲ್ಲಿ ಓದಿದವಳಿಗೆ ಅಲ್ಲಿನ ‘ಧಾರಕತೆ’, ‘ಪ್ರೇರಣೆ’ಗಳೇ ಹೊಸದಾಗಿ ಕಾಣಬಹುದು. ಅದರಲ್ಲೂ ಇಂಗ್ಲಿಷ್ ಜೊತೆಗೇ ಇರುತ್ತದೆ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿರುವುದೇ ಅಂತಿಮ. ಅರ್ಜಿ ಹಾಕುವ ಮೊದಲು ಒಂದು ಹಳೇ ಕನ್ನಡ ಪತ್ರಿಕೆ ಬರೆದು ನೋಡಲಿ. ಸಿಇಟಿಯಲ್ಲಿ ಫಿಸಿಕ್ಸ್‌ಗೆ 80 ನಿಮಿಷದಲ್ಲಿ 60 ಪ್ರಶ್ನೆ, ಅಲ್ಲಿ ಅಡ್ಡ ಗೆರೆ ಎಳೆದು ಮತ್ತೆ ಮಾಡುತ್ತ ಕೂರಲು ಸಮಯವೇ ಇರುವುದಿಲ್ಲ, ಹಾಗಾಗಿ ಆ ಕಟ್ಟಳೆ ಈಗಲೇ ರೂಢಿಯಾಗಲಿ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಟೆಸ್ಟ್ ದಿನ ವಾಂತಿ ಆಗುತ್ತೆ ಅಂತೇನಾದರೂ ಶುರುವಾದರೆ ಅದು ಈ ಉತ್ತರದ ವ್ಯಾಪ್ತಿಯಲ್ಲ. ಆಗ ಕಾಯಬೇಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಟೆಸ್ಟಿನ ಪತ್ರಿಕೆ ಕೈಗೆ ಬಂದಾಗ ಅಂಕಕ್ಕಿಂತ ಮೊದಲು ಅಡ್ಡ ಗೆರೆಗಳನ್ನು ಎಣಿಸಿ. ಈ ಸಲ ನಾಲ್ಕಿತ್ತು, ಮೂರರ ಕೆಳಗೆ ಸರಿ ಉತ್ತರ ಇತ್ತು. ಅದು ಒಂದಕ್ಕೆ ಇಳಿದು ಅಂಕವೂ ಇಪ್ಪತ್ತು ದಾಟಿದರೆ ದಾರಿ ಸರಿ ಇದೆ. ಗೆರೆಗಳು ಕಡಿಮೆಯಾಗಿಯೂ ಅಂಕ ಹದಿನೇಳರಲ್ಲೇ ನಿಂತರೆ ನನ್ನ ಲೆಕ್ಕ ಎಲ್ಲೋ ತಪ್ಪಿದೆ, ಆ ಪತ್ರಿಕೆಯ ಫೋಟೋ ಕಳಿಸಿ.